ಬೈಗುಳ ಗಡಿ ದಾಟುವಾಗ

ಕೇಳುಗರಿಗೆ ನಮಸ್ಕಾರ.

ಆಟಿ ತಿಂಗಳ ಒಂದು ಸಂಜೆಯನ್ನು ನೆನಪು ಮಾಡಿಕೊಳ್ಳಿ. ಹೊರಗೆ ಜಡಿ ಮಳೆ. ಮಗ ಕೆಸರು ಕಾಲಲ್ಲೇ ಗುಡಿಸಿ ಒರೆಸಿದ ಜಗಲಿ ಹತ್ತುತ್ತಾನೆ. ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಾಳೆ. "ನಿನ್ನ ಮನೆ ಹಾಳಾಗ! ಈಗಷ್ಟೇ ಒರೆಸಿದ್ದು, ಕಾಲು ತೊಳೆದು ಬಾ." ಮಗ ಕಾಲು ತೊಳೆದು ಬರುತ್ತಾನೆ. ಅಮ್ಮ ಬಿಸಿ ಚಹಾ ಕೊಡುತ್ತಾಳೆ. ಅಲ್ಲಿಗೆ ಮುಗಿಯಿತು.

ಈ ಮಾತನ್ನು ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ಹಾಕಿ ನೋಡಿ. ಹೆತ್ತ ತಾಯಿ ತನ್ನ ಮಗನ ಮನೆ ನಾಶವಾಗಲಿ ಎಂದು ಶಾಪ ಹಾಕಿದ ಹಾಗೆ ಕೇಳಿಸುತ್ತದೆ. ಓದಿದವರಿಗೆ ಎದೆ ಝಲ್ ಎನ್ನುತ್ತದೆ. ಎಲ್ಲ ಪದಗಳೂ ಸರಿಯಾಗಿಯೇ ಇವೆ. ಆದರೂ ಅಮ್ಮ ಹೇಳಿದ್ದು ಅದಲ್ಲ. ಮಗನ ಮನೆ ಅಂದರೆ ಅವಳದೇ ಮನೆ ಅಲ್ವಾ? ತಾನು ಒರೆಸಿದ ಜಗಲಿಯೇ ಹಾಳಾಗಲಿ ಎಂದು ಯಾರು ಬಯಸುತ್ತಾರೆ?

ನಾನು ಮಂಗಳೂರಿನಲ್ಲಿ 20 ವರ್ಷಗಳಿಂದ ಕಾಗದಪತ್ರಗಳ ಅನುವಾದ ಮಾಡುತ್ತಿದ್ದೇನೆ. ಹೆಚ್ಚಿನದು ಕೋರ್ಟು, ಪೊಲೀಸು, ಆಸ್ತಿ ವ್ಯವಹಾರದ ಕಾಗದಗಳು. ಈ ಕೆಲಸದಲ್ಲಿ ನನಗೆ ಜಾಸ್ತಿ ಯೋಚನೆ ಹಚ್ಚಿದ್ದು ಕಾನೂನಿನ ಕಷ್ಟದ ಪದಗಳಲ್ಲ. ಅವುಗಳಿಗೆ ನಿಘಂಟು ಇದೆ. ಯೋಚನೆ ಹಚ್ಚಿದ್ದು ಇಂಥ ಚಿಕ್ಕ ಚಿಕ್ಕ ಬೈಗುಳಗಳು.

"ಹಾಳಾಗ" ಎಂಬ ರೂಪವನ್ನೇ ಸ್ವಲ್ಪ ಗಮನಿಸಿ. ದಿನದ ಮಾತಿನಲ್ಲಿ ನಾವು ಏನನ್ನಾದರೂ ನಿಜವಾಗಿ ಬಯಸಿದರೆ "ಆಗಲಿ", "ಬರಲಿ", "ಬೀಳಲಿ" ಎನ್ನುತ್ತೇವೆ. ಕೊನೆಯಲ್ಲಿ "ಲಿ" ಇರಲೇಬೇಕು. ಮಳೆ ಬೇಕಿದ್ದರೆ "ಮಳೆ ಬೀಳಲಿ" ಎನ್ನುತ್ತೇವೆ, "ಮಳೆ ಬೀಳ" ಎನ್ನುವುದಿಲ್ಲ. ಆದರೆ ಬೈಯುವಾಗ ಮಾತ್ರ "ನಿನ್ನ ಬಾಯಿಗೆ ಮಣ್ಣು ಬೀಳ", "ಮನೆ ಹಾಳಾಗ" ಎಂದು "ಲಿ" ಬಿಟ್ಟು ಹೇಳುತ್ತೇವೆ. ಈ ತುಂಡು ರೂಪ ಬೈಗುಳದ ಒಳಗೆ ಗಟ್ಟಿಯಾಗಿ ಕುಳಿತುಬಿಟ್ಟಿದೆ. ಕೇಳುವ ಕಿವಿಗೆ ಅದೇ ಗುರುತು. ಇದು ಅಚ್ಚು ಹಾಕಿಟ್ಟ ಮಾತು, ಈಗ ಹೊಸದಾಗಿ ಬಯಸಿದ್ದಲ್ಲ ಎಂದು ಕೇಳಿದ ಕೂಡಲೇ ಗೊತ್ತಾಗುತ್ತದೆ.

ಇಂಗ್ಲಿಷಿಗೆ ಹೋಗುವಾಗ ಆ ಗುರುತೇ ಅಳಿಸಿಹೋಗುತ್ತದೆ. ಅಲ್ಲಿ ಹಾರೈಕೆ ಬರೆಯಬೇಕಾದರೆ "ಮೇ" ಎಂದು ಶುರು ಮಾಡಬೇಕು. ಇಂಗ್ಲಿಷಿನಲ್ಲಿ ಅದು ಪ್ರಾರ್ಥನೆಯ, ಆಶೀರ್ವಾದದ ಗಂಭೀರ ರೂಪ. ಅಡುಗೆಮನೆಯಲ್ಲಿ ಆಡಿ ಆಡಿ ಸವೆದ ಮಾತು ಚರ್ಚಿನ ಪೀಠದಿಂದ ಬಂದ ಹಾಗೆ ಆಗುತ್ತದೆ. ಹಳೆಯ ನಾಣ್ಯವನ್ನು ಕರಗಿಸಿ ಹೊಸದಾಗಿ ಟಂಕಿಸಿದಂತೆ ಅದರ ಅಂಚು ಮತ್ತೆ ಹರಿತವಾಗುತ್ತದೆ.

ಇನ್ನೊಂದು ಪದಕ್ಕೆ ಬರುತ್ತೇನೆ. ಇದನ್ನು ಬಾನುಲಿಯಲ್ಲಿ ಹೇಳುವುದಕ್ಕೆ ಸ್ವಲ್ಪ ಸಂಕೋಚ ಇದೆ. ಆದರೆ ಹೇಳದೆ ವಿಷಯ ಅರ್ಥವಾಗುವುದಿಲ್ಲ. "ಬೇವರ್ಸಿ." ನಮ್ಮ ಊರಿನ ತುಳುವಿನಲ್ಲಿ, ಕನ್ನಡದಲ್ಲಿ ಎಲ್ಲರೂ ಕೇಳಿರುವ ಮಾತು. ಗೊತ್ತಿಲ್ಲದವರಿಗೆ ಹೇಳಿದರೆ ಜಗಳ ಖಂಡಿತ. ಆದರೆ ಬಹಳ ದಿನಗಳ ನಂತರ ಸಿಕ್ಕ ಗೆಳೆಯನ ಹೆಗಲ ಮೇಲೆ ಕೈ ಹಾಕಿ "ಏ ಬೇವರ್ಸಿ, ಓಲುಲ್ಲ?" ಎಂದರೆ, ಎಲ್ಲಿದ್ದೀಯಾ ಮಾರಾಯ, ಪತ್ತೆಯೇ ಇಲ್ಲ ಎಂದಷ್ಟೇ ಅರ್ಥ.

ಈ ಪದ ಇಂಗ್ಲಿಷಿಗೆ ಹೋಗುವಾಗ ಹೆಚ್ಚಾಗಿ "ಬಾಸ್ಟರ್ಡ್" ಆಗುತ್ತದೆ. ನಾನೂ ಮೊದಮೊದಲು ಹಾಗೆಯೇ ಬರೆದಿದ್ದೇನೆ. ಅದು ಎಷ್ಟು ದೊಡ್ಡ ತಪ್ಪು ಎಂದು ಪದದ ಮೂಲ ಹುಡುಕಿದಾಗ ತಿಳಿಯಿತು. "ಬೇ" ಎಂದರೆ ಪಾರ್ಸಿ ಭಾಷೆಯಲ್ಲಿ ಇಲ್ಲದ ಎಂದು. "ವಾರಿಸ್" ಅರಬ್ಬಿ ಮೂಲದ್ದು, ಹಕ್ಕುದಾರ ಎಂದು ಅರ್ಥ. ನಾವು ದಿನಾ ಹೇಳುವ ವಾರಸುದಾರ ಎಂಬ ಪದದ ನೆಂಟ ಅದು. ಅಂದರೆ ಬೇವರ್ಸಿ ಎಂದರೆ ವಾರಸುದಾರರಿಲ್ಲದ್ದು, ಹೇಳುವವರು ಕೇಳುವವರು ಇಲ್ಲದ್ದು. ಆಸ್ತಿಯ ಲೆಕ್ಕದಿಂದ ಬಂದ ಮಾತು.

ಇಂಗ್ಲಿಷಿನ ಆ ಇನ್ನೊಂದು ಪದ ತಂದೆ ತಾಯಿಗೆ ಮದುವೆಯಾಗದೆ ಹುಟ್ಟಿದವನು ಎನ್ನುತ್ತದೆ. ಅದರ ಏಟು ಬೀಳುವುದು ತಾಯಿಯ ಮೇಲೆ. ಬೇವರ್ಸಿ ಎಂದವನು ಯಾರ ತಾಯಿಯ ಸುದ್ದಿಯನ್ನೂ ಎತ್ತಿರಲಿಲ್ಲ. ಅನುವಾದ ಮಾಡಿದವನು ತಂದು ಸೇರಿಸಿದ.

ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ಹೆಚ್ಚು ತಪ್ಪಾಗುತ್ತದೆ. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯಸಂತಾನ ಕಟ್ಟು ಇತ್ತು. ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ಬರಿ, ಅಂದರೆ ಬಳಿ ಎನ್ನುವ ವಂಶದ ಗುರುತು, ತಾಯಿಯಿಂದ ಬರುತ್ತದೆ. ಆಸ್ತಿಯ ಹಕ್ಕೂ ಆ ಕಡೆಯಿಂದಲೇ ಬರುತ್ತಿತ್ತು. 1949ರ ಮದರಾಸು ಅಳಿಯಸಂತಾನ ಕಾನೂನು ಈ ಕಟ್ಟಿನ ಬಗ್ಗೆಯೇ ಇದೆ. 1956ರ ಹಿಂದೂ ವಾರಸಾ ಕಾನೂನಿನಲ್ಲೂ ಅಳಿಯಸಂತಾನದ ಹೆಸರು ಹೇಳಿ ಬೇರೆ ನಿಯಮ ಬರೆದಿದ್ದಾರೆ. ಇಂಥ ಊರಿನಲ್ಲಿ ವಾರಸು ಇಲ್ಲದವನು ಎಂದರೆ ತಂದೆ ಯಾರೆಂದು ಗೊತ್ತಿಲ್ಲದವನು ಎಂದಾಗುವುದು ಹೇಗೆ? ವಾರಸು ತಂದೆಯಿಂದ ಬರುತ್ತಲೇ ಇರಲಿಲ್ಲವಲ್ಲ.

ಹಾಗಾದರೆ ನನ್ನ ಕೈ ಆ ಇಂಗ್ಲಿಷ್ ಪದಕ್ಕೆ ಅಷ್ಟು ಸುಲಭವಾಗಿ ಯಾಕೆ ಹೋಯಿತು? ಇದಕ್ಕೆ ಒಂದು ಉತ್ತರ 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಿಗುತ್ತದೆ. ಬಾಸ್ಟನ್ನಿನ ಸಂಶೋಧಕರು, ಟರ್ಕಿಶ್ ಮನೆಮಾತಾಗಿದ್ದು ಆಮೇಲೆ ಇಂಗ್ಲಿಷ್ ಕಲಿತವರನ್ನು ಕೂರಿಸಿಕೊಂಡರು. ಬೆರಳ ತುದಿಗೆ ತಂತಿ ಕಟ್ಟಿ ಚರ್ಮದ ಬೆವರಿನ ಏರಿಳಿತ ಅಳೆದರು. ಮನಸ್ಸು ಅಲುಗಿದರೆ ಬೆರಳು ಕೂಡಲೇ ಸ್ವಲ್ಪ ಬೆವರುತ್ತದೆ. ಹೇಳಬಾರದ ಪದಗಳು, ಚಿಕ್ಕಂದಿನಲ್ಲಿ ಮಕ್ಕಳನ್ನು ಗದರುವ ಮಾತುಗಳು ಎರಡೂ ಭಾಷೆಯಲ್ಲಿ ಅವರ ಮುಂದೆ ಬಂದವು. ಮನೆಮಾತಿನಲ್ಲಿ ಬಂದಾಗ ಬೆರಳು ಹೆಚ್ಚು ಬೆವರಿತು. ಮನೆಮಾತಿನ ಗದರಿಕೆಯಲ್ಲಂತೂ ಈ ವ್ಯತ್ಯಾಸ ಚೆನ್ನಾಗಿ ಕಾಣಿಸಿತು.

ನನಗೆ ಇಂಗ್ಲಿಷ್ ಶಾಲೆಯಲ್ಲಿ ಬಂದ ಭಾಷೆ. ಅದರ ಬೈಗುಳ ನನ್ನ ಕೈಯಲ್ಲಿ ತಣ್ಣಗೆ ಇರುತ್ತದೆ. ಎಷ್ಟು ಬಿಸಿ ಎಂದು ನನಗೆ ಗೊತ್ತಾಗುವುದಿಲ್ಲ. ಹಾಗಾಗಿ ನಮ್ಮ ಮಾತಿನ ಸಣ್ಣ ಬಿಸಿಗೆ ಸಮ ಮಾಡಲು ಅಲ್ಲಿಯ ಕೆಂಡವನ್ನೇ ಎತ್ತಿ ಹಾಕಿಬಿಡುತ್ತೇನೆ. ಓದುವವರಿಗೆ ಅದು ಮನೆಮಾತಾದರೆ ಅವರ ಕೈ ಸುಡುತ್ತದೆ.

ಇದರಿಂದ ಏನು ಅನಾಹುತ ಆಗಬಹುದು ಎಂದು ಒಂದು ಕೇಸು ಇಟ್ಟುಕೊಂಡು ನೋಡೋಣ. ಉದಾಹರಣೆಗೆ ಕಟ್ಟಿದ್ದು, ಆದರೆ ಇಂಥ ಮಾತು ನಮ್ಮ ಕಡತಗಳಿಗೆ ಹೊಸದಲ್ಲ.

ಬೇಲಿಯ ಜಗಳ. ತಮ್ಮ ಹೋಗಿ ಪಕ್ಕದ ಮನೆಯವನ ಅಂಗಿಯ ಕಾಲರ್ ಹಿಡಿದಿದ್ದಾನೆ. ಅಣ್ಣ ಓಡಿ ಬಂದು "ಸಾಯ್ಲಿ, ಬಿಡು ಮಾರಾಯ" ಎನ್ನುತ್ತಾನೆ. ನಮಗೆಲ್ಲ ಇದರ ಅರ್ಥ ಗೊತ್ತು. ಹೋಗಲಿ, ಅವನ ಸಹವಾಸ ಬೇಡ, ಕೈ ಬಿಡು ಎಂದು. ಬಸ್ಸು ತಪ್ಪಿದರೂ ನಾವು "ಸಾಯ್ಲಿ" ಅಂತೇವೆ. ಬಸ್ಸು ಸಾಯುವುದುಂಟೇ? ಪಕ್ಕದ ಮನೆಯವನು ಕಾಲು ಜಾರಿ ಬಿದ್ದು ತಲೆಗೆ ಏಟಾಯಿತು. ಕೇಸು ಆಯಿತು.

ಸಾಕ್ಷಿ ಹೇಳುವವರು ಬಾಯಲ್ಲಿ ಹೇಳುವುದು ಒಂದು, ಕಾಗದದಲ್ಲಿ ಕೂರುವುದು ಇನ್ನೊಂದು. "ಸಾಯ್ಲಿ" ಎಂದದ್ದು ಟೈಪಾಗುವಾಗ ಶುದ್ಧ ಬರಹದ "ಸಾಯಲಿ" ಆಗುತ್ತದೆ. ನಡುವಿನ ಅಲ್ಪವಿರಾಮ ಹೋಗುತ್ತದೆ. "ಮಾರಾಯ" ಬೇಡದ ಮಾತೆಂದು ಬಿಟ್ಟುಹೋಗುತ್ತದೆ. ಈಗ ಕಾಗದದಲ್ಲಿ "ಸಾಯಲಿ ಬಿಡು ಎಂದು ಅಣ್ಣ ಹೇಳಿದ" ಎಂದಿದೆ. ಸಾಕ್ಷಿ ಹೇಳಿದ್ದು ತುಳುವಿನಲ್ಲಾದರೆ ಅದು ಕನ್ನಡಕ್ಕೆ ಬರುವಾಗಲೇ ಒಮ್ಮೆ ಸವೆದಿರುತ್ತದೆ. ಕೇಸು ಹೈಕೋರ್ಟಿಗೆ ಹೋದಾಗ ಇದೇ ಕಾಗದ ಇಂಗ್ಲಿಷಿಗೆ ಬರುತ್ತದೆ. "ಸಾಯಲಿ" ಮತ್ತು "ಬಿಡು" ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವನನ್ನು ಸಾಯಲು ಬಿಟ್ಟುಬಿಡು ಎಂದು ಅಣ್ಣ ಹೇಳಿದ ಹಾಗೆ ಆಗುತ್ತದೆ. ಕೈ ಬಿಡಿಸಲು ಬಂದವನು ಕುಮ್ಮಕ್ಕು ಕೊಟ್ಟವನಾದ. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ ಎನ್ನುವುದೇ ನನಗೆ ಹೆಚ್ಚು ನೋವು ಕೊಡುವ ಸಂಗತಿ.

ಇದನ್ನು ಹಿಡಿಯುವುದು ಹೇಗೆ? ನಾನು ಬೈಗುಳವನ್ನು ಬಿಟ್ಟು ಅದರ ಮುಂದಿನ ಸಾಲನ್ನು ಓದುತ್ತೇನೆ. ಮಾತು ಕೇಳಿದವನು ಆಮೇಲೆ ಏನು ಮಾಡಿದ? ಮೇಲಿನ ಕೇಸಿನಲ್ಲಿ "ನಂತರ ತಮ್ಮ ಕೈ ಬಿಟ್ಟನು" ಎಂದು ಅದೇ ಹೇಳಿಕೆಯಲ್ಲಿ ಇರುತ್ತದೆ. ಕೊಲ್ಲು ಎಂದು ಕೇಳಿಸಿದ್ದರೆ ಅವನು ಕೈ ಬಿಡುತ್ತಿರಲಿಲ್ಲ. ಬೇವರ್ಸಿ ಎಂದು ಕರೆಸಿಕೊಂಡವನು ನಕ್ಕು ಕುರ್ಚಿ ಎಳೆದು ಕೂತಿದ್ದರೆ ಅದು ಸಲಿಗೆ. ಎದ್ದು ಹೋಗಿದ್ದರೆ ಅದು ಅವಮಾನ. ಪದದ ತೂಕ ಕೇಳಿದವನ ಕೈಕಾಲಿನಲ್ಲಿ ಕಾಣುತ್ತದೆ.

ತೂಕ ಗೊತ್ತಾದ ಮೇಲೂ ಕೋರ್ಟಿನ ಕಾಗದದಲ್ಲಿ ಸುಮ್ನೆ ಮೆತ್ತಗೆ ಮಾಡಿ ಬರೆಯುವಂತಿಲ್ಲ. ಅದೂ ತಪ್ಪೇ. ತೀರ್ಮಾನ ಮಾಡಬೇಕಾದವರು ನ್ಯಾಯಾಧೀಶರು, ನಾನಲ್ಲ. ಹಾಗಾಗಿ ಮೂಲದ ಮಾತನ್ನು ಹೇಳಿದ ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ ಇಡುತ್ತೇನೆ. ಪಕ್ಕದಲ್ಲಿ ಪದದ ಅರ್ಥ ಬರೆಯುತ್ತೇನೆ. ಆಮೇಲೆ ಈ ಊರಿನಲ್ಲಿ ಈ ಮಾತನ್ನು ಯಾವಾಗ, ಯಾರಿಗೆ ಹೇಳುತ್ತಾರೆ ಎಂದು ಒಂದು ಸಾಲು ಸೇರಿಸುತ್ತೇನೆ. ಒಂದು ಬೈಗುಳಕ್ಕೆ ಮೂರು ಸಾಲು. ಪುಟ ಜಾಸ್ತಿ ಆಯಿತು ಎಂದು ವಕೀಲರು ಹೇಳಿದ್ದುಂಟು. ನಾನು ಬಿಟ್ಟಿಲ್ಲ.

ಎಲ್ಲ ಬೈಗುಳವೂ ಸವೆದದ್ದು ಎಂದು ತಿಳಿಯಬೇಡಿ. ನಮ್ಮಲ್ಲಿ ನಿಜವಾದ ಶಾಪವೂ ಇದೆ. ಭೂಮಿಯ ತಕರಾರಿನಲ್ಲಿ ಸೋತು, ಹೇಳಿಕೊಳ್ಳಲು ಬೇರೆ ಯಾರೂ ಇಲ್ಲದ ಹೆಂಗಸು ದೈವದ ಗುಡಿಯ ಮುಂದೆ ನಿಲ್ಲುತ್ತಾಳೆ. ಅಲ್ಲಿ ಕೂಗಾಟ ಇರುವುದಿಲ್ಲ. ಸ್ವರ ತಗ್ಗಿರುತ್ತದೆ. ಅನ್ಯಾಯ ಮಾಡಿದವನ ಹೆಸರು ಹೇಳುತ್ತಾಳೆ, ಮನೆಯ ಹೆಸರು ಹೇಳುತ್ತಾಳೆ. ಆಮೇಲೆ ಪೂರ್ತಿ ಮಾತಿನಲ್ಲಿ, ಒಂದಕ್ಷರವನ್ನೂ ನುಂಗದೆ "ಅವನ ಮನೆ ಹಾಳಾಗಲಿ" ಎನ್ನುತ್ತಾಳೆ. "ಲಿ" ಅಲ್ಲಿ ವಾಪಸು ಬಂದಿರುತ್ತದೆ. ಪಕ್ಕದಲ್ಲಿ ನಿಂತವರು ಮಾತು ನಿಲ್ಲಿಸುತ್ತಾರೆ.

ಅಂಥ ಮಾತು ನನ್ನ ಮೇಜಿಗೆ ಬಂದರೆ ನಾನು ಪಕ್ಕದಲ್ಲಿ ವಿವರಣೆಯ ಸಾಲು ಸೇರಿಸುವುದಿಲ್ಲ. "ಮೇ" ಎಂದೇ ಶುರು ಮಾಡುತ್ತೇನೆ.

ನಮಸ್ಕಾರ.