ರೈಲಿನಲ್ಲಿ ಎರಡನೇ ಪಂಕ್ತಿ ಇಲ್ಲ

ಕೇಳುಗರಿಗೆ ನಮಸ್ಕಾರ.

ಹೋದ ಬೇಸಿಗೆಯ ಒಂದು ಸಂಜೆ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಜಗಲಿಗೆ ಬಂದು ಕೂತರು. ವಯಸ್ಸು 76. ಉಡುಪಿಯಿಂದ ಮುಂಬಯಿಗೆ, ಮಗಳ ಮನೆಗೆ ಹೊರಟಿದ್ದರು. ಮತ್ಸ್ಯಗಂಧ ರೈಲಿಗೆ ಮೊಮ್ಮಗ ಬೆಂಗಳೂರಲ್ಲೇ ಕೂತು ಟಿಕೆಟ್ ಮಾಡಿ ಮೊಬೈಲಿಗೆ ಕಳಿಸಿದ್ದ. ದೊಡ್ಡಮ್ಮ ಕನ್ನಡಕ ಹಣೆಗೆ ಏರಿಸಿ, ಮೊಬೈಲು ನನ್ನ ಕೈಗೆ ಕೊಟ್ಟು, "ಎಂತ ಮಾರಾಯ ಇದು? ಹದಿನಾಲ್ಕಕ್ಕೆ ಆರು ಮಾರ್ಕ್ ಬಂದ ಹಾಗೆ ಉಂಟು" ಅಂದರು.

ನೋಡಿದೆ. WL 14, ಅದರ ಪಕ್ಕ WL 6 ಅಂತ ಇತ್ತು.

ನಾನು ರಿಸರ್ವೇಶನ್ ಕೌಂಟರಿನ ಗಾಜಿನ ಒಳಗೆ ಬಹಳ ವರ್ಷ ಕೂತು ನಿವೃತ್ತನಾದವನು. "ವೇಟಿಂಗ್ ಲಿಸ್ಟ್ ಆರು" ಅಂತ ದಿನಕ್ಕೆ ನೂರು ಸಲ ಹೇಳಿದ್ದೇನೆ. ಎದುರಿಗೆ ನಿಂತವರಿಗೆ ಅದು ಅರ್ಥವಾಯಿತಾ ಅಂತ ಒಂದು ದಿನವೂ ಕೇಳಿದವನಲ್ಲ. ಅವತ್ತು ಜಗಲಿಯಲ್ಲಿ ಕೂತು ಕನ್ನಡದಲ್ಲಿ ಬಿಡಿಸಿ ಹೇಳಲು ಹೊರಟಾಗಲೇ ಗೊತ್ತಾಗಿದ್ದು, ಈ ಮಾತುಗಳು ನನ್ನ ಬಾಯಿಗೆ ಎಷ್ಟು ಸಲೀಸೋ ಕೇಳುವವರಿಗೆ ಅಷ್ಟೇ ಗೋಜಲು ಅಂತ.

ಮೊದಲು ವೇಟಿಂಗ್ ಲಿಸ್ಟ್. "ಕಾಯುವ ಪಟ್ಟಿ" ಅಂದೆ. ದೊಡ್ಡಮ್ಮ ಕೂಡಲೇ, "ಹಾಗಾದ್ರೆ ಸ್ಟೇಷನಿನಲ್ಲಿ ಕಾಯ್ತೇನೆ, ಎಷ್ಟು ಹೊತ್ತಾದ್ರೂ ಆದೀತು" ಅಂದರು. ನೋಡಿ, ತಪ್ಪಾದದ್ದು ಅಲ್ಲೇ. ಕಾಯುವುದು ಅಂದರೆ, ಕಾದರೆ ಸಿಗುತ್ತದೆ ಅಂತ ನಾವು ತಿಳಿಯುತ್ತೇವೆ. "ನಿರೀಕ್ಷಣಾ ಪಟ್ಟಿ" ಅಂತ ಹೇಳಿದ್ದರೆ ಏನೂ ತಿಳಿಯುತ್ತಿರಲಿಲ್ಲ, ಅದು ಬೇರೆ ಮಾತು. ಹಾಗಾಗಿ ಮದುವೆ ಊಟದ ಪಂಕ್ತಿಗೆ ಹೋದೆ. ಅವರಿಗೆ ಅದು ಚೆನ್ನಾಗಿ ಗೊತ್ತು.

"ದೊಡ್ಡಮ್ಮ, ಪಂಕ್ತಿಯಲ್ಲಿ ಎಲೆ ಎಲ್ಲ ತುಂಬಿದೆ. ನಿಮಗೆ ಎಲೆ ಇಲ್ಲ. ಕೂತವರಲ್ಲಿ ಯಾರಾದರೂ ಎದ್ದು ಹೋದರೆ ಮಾತ್ರ ಆ ಎಲೆ ಹಿಂದೆ ನಿಂತವರಿಗೆ. ನೀವು ನಿಂತವರ ಸಾಲಿನಲ್ಲಿ ಆರನೆಯವರು. ಟಿಕೆಟ್ ಮಾಡಿದ ದಿನ ಹದಿನಾಲ್ಕನೆಯವರಾಗಿದ್ರಿ. ಎಂಟು ಜಾಗ ಮುಂದೆ ಬಂದಿದ್ದೀರಿ."

"ಎದ್ದು ಹೋಗದಿದ್ರೆ? ಎರಡನೇ ಪಂಕ್ತಿಗೆ ಕೂತ್ಕೊಳ್ತೇನೆ."

"ರೈಲಿನಲ್ಲಿ ಎರಡನೇ ಪಂಕ್ತಿ ಇಲ್ಲ ದೊಡ್ಡಮ್ಮ."

ಅಲ್ಲಿಗೆ ಅವರಿಗೆ ಪೂರ್ತಿ ಅರ್ಥವಾಯಿತು. ನಾನು ಈಗ ವೇಟಿಂಗ್ ಲಿಸ್ಟ್ ಅನ್ನುವುದಕ್ಕೆ "ಯಾರಾದರೂ ಬಿಟ್ಟರೆ ಸಿಗುವ ಜಾಗ" ಅಂತಲೇ ಹೇಳುತ್ತೇನೆ. ಉದ್ದವಾಯಿತು, ನಿಜ. ಆದರೆ ಗಂಟುಮೂಟೆ ಕಟ್ಟಿಕೊಂಡು ಉಡುಪಿಯ ಇಂದ್ರಾಳಿ ಸ್ಟೇಷನಿಗೆ ಹೋಗಿ ಬರಿಗೈಯಲ್ಲಿ ವಾಪಸ್ ಬರುವುದಕ್ಕಿಂತ ಉದ್ದದ ಮಾತು ಒಳ್ಳೆಯದು. ಕೆಲವರ ಟಿಕೆಟಿನಲ್ಲಿ WL ಮುಂದೆ ಇನ್ನೆರಡು ಅಕ್ಷರ ಇರುತ್ತದೆ. RLWL ಅಂತಿದ್ದರೆ ಅದು ನಡುವಿನ ಸ್ಟೇಷನುಗಳಿಗೆ ಇಟ್ಟ ಬೇರೆಯದೇ ಸಣ್ಣ ಸಾಲು. ಅಲ್ಲಿ ಎಲೆಯೇ ಕಡಿಮೆ, ಹಾಗಾಗಿ ಸಾಲು ಸರಿಯುವುದೂ ನಿಧಾನ.

ನಾಲ್ಕು ದಿನ ಕಳೆಯಿತು. ದೊಡ್ಡಮ್ಮ ಮತ್ತೆ ಬಂದರು. ಈಗ WL ಹೋಗಿ RAC 3 ಅಂತ ಬಂದಿತ್ತು. ಇದು ಮುಖ್ಯ. ಆರ್‌ಎಸಿ ಅಂದರೆ "ಕೂರಲು ಜಾಗ ಖಂಡಿತ, ಮಲಗಲು ಇನ್ನೂ ಇಲ್ಲ." ಬದಿಯ ಕೆಳಗಿನ ಸೀಟು ಒಂದನ್ನೇ ಇಬ್ಬರಿಗೆ ಕೊಡುತ್ತಾರೆ. ಒಂದು ಎಲೆಗೆ ಇಬ್ಬರು ಅನ್ನಿ. ಆದರೆ ಇವರು ರೈಲು ಹತ್ತಬಹುದು. ಟಿಕೆಟ್ ನೋಡುವವರು ಇಳಿಸುವುದಿಲ್ಲ. ಹತ್ತಿದ ಮೇಲೆ ಯಾರಾದರೂ ಬಾರದೆ ಬರ್ತ್ ಖಾಲಿ ಉಳಿದರೆ, ಆರ್‌ಎಸಿಯವರಿಗೇ ಮೊದಲು ಕೊಡಬೇಕು. ಅದೂ ಅವರ ಸಂಖ್ಯೆಯ ಸರದಿಯಂತೆ.

ಬರ್ತ್ ಅಂದೆನಲ್ಲ, ಅದರಲ್ಲೂ ಒಂದು ತಮಾಷೆ ಆಯಿತು. "ಬರ್ತ್ ಸಿಗಬಹುದು" ಅಂದಾಗ ದೊಡ್ಡಮ್ಮ, "ನನ್ನ ಬರ್ತ್ ಸರ್ಟಿಫಿಕೇಟ್ ಇಲ್ಲ ಮಾರಾಯ, ಆಧಾರ್ ಆಗುದಿಲ್ವಾ?" ಅಂದರು. ನಮ್ಮ ಕಿವಿಗೆ ಎರಡೂ ಒಂದೇ ಶಬ್ದ, ಅವರದ್ದೇನು ತಪ್ಪು? ಅವತ್ತಿನಿಂದ ನಮ್ಮಿಬ್ಬರ ನಡುವೆ ಬರ್ತ್ ಹೋಗಿ "ಮಲಗುವ ಹಲಗೆ" ಆಯಿತು. ಕೆಳಗಿನ ಹಲಗೆ, ನಡುವಿನ ಹಲಗೆ, ಮೇಲಿನ ಹಲಗೆ, ಬದಿಯ ಹಲಗೆ. ಮಂಡಿನೋವಿನವರಿಗೆ ಬೇಕಾದದ್ದು ಕೆಳಗಿನದ್ದು, ಅಲ್ವಾ?

ಅದು ಯಾವುದು ಅಂತ ನಂಬರಿನಿಂದಲೇ ತಿಳಿಯಬಹುದು. ಸ್ಲೀಪರ್ ಡಬ್ಬಿಯಲ್ಲಿ ಎಂಟು ಎಂಟು ಹಲಗೆಗೆ ಒಂದು ಕಂತೆ. 1 ಮತ್ತು 4 ಕೆಳಗಿನವು. 2 ಮತ್ತು 5 ನಡುವಿನವು. 3 ಮತ್ತು 6 ಮೇಲಿನವು. 7 ಬದಿಯ ಕೆಳಗಿನದ್ದು, 8 ಬದಿಯ ಮೇಲಿನದ್ದು. ಮುಂದೆ 9ರಿಂದ ಮತ್ತೆ ಇದೇ ಲೆಕ್ಕ. ನಿಮ್ಮ ನಂಬರಿನಿಂದ ಎಂಟರ ಮಗ್ಗಿ ಕಳೆದು ಎಷ್ಟು ಉಳಿಯಿತು ನೋಡಿದರೆ ಸಾಕು, ಏನೂ ಉಳಿಯದಿದ್ದರೆ ಎಂಟು. 47 ಇದ್ದರೆ, ಎಂಟೈದಲಿ ನಲವತ್ತು, ಉಳಿದದ್ದು ಏಳು, ಅಂದರೆ ಬದಿಯ ಕೆಳಗಿನದ್ದು. ಎರಡು ಹಂತದ ಎಸಿ ಡಬ್ಬಿಯಲ್ಲಿ ಮಾತ್ರ ಕಂತೆಗೆ ಎಂಟಲ್ಲ, ಆರು. ದೊಡ್ಡಮ್ಮ ಹಳೇ ಕಾಲದ ಮಗ್ಗಿ ಕಲಿತವರು. ಇದನ್ನು ನನಗಿಂತ ಬೇಗ ಹಿಡಿದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಟಿಕೆಟ್ ಮಾಡುವಾಗಲೇ ಕೆಳಗಿನ ಹಲಗೆ ಕೇಳಲು ಹಿರಿಯರಿಗೆ ಬೇರೆ ಪಾಲು ಇದೆ. ಗಂಡಸರಿಗೆ 60 ತುಂಬಿರಬೇಕು, ಹೆಂಗಸರಿಗೆ 45 ಆದರೂ ಸಾಕು. ಆದರೆ ಒಬ್ಬರೇ ಹೋಗಬೇಕು, ಇಲ್ಲವಾದರೆ ಇಂಥವರೇ ಇಬ್ಬರು. ಮೊಮ್ಮಗ ಅದನ್ನು ನೋಡದೆ ಸುಮ್ನೆ ಸಾಮಾನ್ಯ ಪಾಲಿನಲ್ಲಿ ಮಾಡಿದ್ದ. ಅಜ್ಜಿಯ ವಯಸ್ಸು ಹಾಕಿದ್ದೇನಲ್ಲ, ಕಂಪ್ಯೂಟರೇ ನೋಡಿಕೊಳ್ಳುತ್ತದೆ ಅಂತ ಅವನ ಲೆಕ್ಕ. ಸಾಮಾನ್ಯ ಪಾಲಿನಲ್ಲೂ ಕಂಪ್ಯೂಟರು ಹಿರಿಯರಿಗೆ ಕೆಳಗಿನದ್ದು ಹುಡುಕುತ್ತದೆ, ಆದರೆ ಖಾಲಿ ಇದ್ದರೆ ತಾನೇ?

ಇನ್ನು ಚಾರ್ಟ್. ಮೊಬೈಲಿನಲ್ಲಿ CHART NOT PREPARED ಅಂತ ಬರುತ್ತಿತ್ತು. "ಎಂತದು ಅಡುಗೆ ಆಗಲಿಲ್ಲ ಅಂತವಾ?" ಅಂತ ಕೇಳಿದರು. ಹತ್ತಿರ ಹತ್ತಿರ ಹಾಗೇ. ಚಾರ್ಟ್ ಅಂದರೆ ಯಾರಿಗೆ ಯಾವ ಡಬ್ಬಿ, ಯಾವ ಹಲಗೆ ಅಂತ ಗಟ್ಟಿ ಮಾಡಿದ ಪಟ್ಟಿ. ಅದಾಗುವ ತನಕ ನಿಮ್ಮ ನಂಬರ್ ಬದಲಾಗುತ್ತಾ ಇರಬಹುದು. ಅದಾದ ಮೇಲೆ ಮನೆಯಲ್ಲಿ ಕೂತು ಕಾಯುವುದಕ್ಕೆ ಅರ್ಥ ಇಲ್ಲ. ನಾನು ಇದಕ್ಕೆ "ಪಟ್ಟಿ ಗಟ್ಟಿಯಾಯಿತು" ಅನ್ನುತ್ತೇನೆ. "ಸಿದ್ಧಪಡಿಸಲಾಗಿದೆ" ಅಂದರೆ ಏನೋ ಕಾಗದ ತಯಾರಾಗಿದೆ ಅನ್ನಿಸುತ್ತದೆ. ಗಟ್ಟಿಯಾಯಿತು ಅಂದರೆ ಇನ್ನು ಅಲುಗುವುದಿಲ್ಲ ಅಂತ ಗೊತ್ತಾಗುತ್ತದೆ.

ಇದು ಯಾವಾಗ ಆಗುತ್ತದೆ? ಮೊದಲೆಲ್ಲ ರೈಲು ಹೊರಡುವ ನಾಲ್ಕು ಗಂಟೆ ಮುಂಚೆ ಆಗುತ್ತಿತ್ತು. ಹಳಬರ ತಲೆಯಲ್ಲಿ ಇವತ್ತಿಗೂ ಅದೇ ಕೂತಿದೆ. 2025ರ ಜುಲೈಯಿಂದ ಅದನ್ನು ಬಹಳ ಮುಂಚೆ ಮಾಡುತ್ತಿದ್ದಾರೆ. ಬೆಳಗಿನ ರೈಲಾದರೆ ಹಿಂದಿನ ರಾತ್ರಿಯೇ ಪಟ್ಟಿ ಬಂದಿರುತ್ತದೆ. ಮಧ್ಯಾಹ್ನ ಎರಡು ದಾಟಿದ ಕೂಡಲೇ ಹೊರಡುವ ರೈಲಾದರೆ ಆ ದಿನ ನೀವು ಕಾಫಿ ಕುಡಿಯುವ ಹೊತ್ತಿಗೆ ಬಂದಿರುತ್ತದೆ. ಆದರೆ ಗಂಟೆ ಎಣಿಸುವುದು ಸಾಮಾನ್ಯವಾಗಿ ರೈಲು ಹುಟ್ಟುವ ಜಾಗದಿಂದ. ಮತ್ಸ್ಯಗಂಧ ಮಂಗಳೂರು ಸೆಂಟ್ರಲಿನಿಂದ ಹೊರಡುತ್ತದೆ, ಉಡುಪಿಗೆ ಬರುವಾಗ ತಡವಾದರೂ ಲೆಕ್ಕ ಮಂಗಳೂರಿನದ್ದು. ಅದೇ ನೇತ್ರಾವತಿ ಹತ್ತುವವರಾದರೆ ಆ ರೈಲು ಹೊರಡುವುದು ತಿರುವನಂತಪುರದಿಂದ. ಉಡುಪಿಯವರ ಪಟ್ಟಿಯೂ ಬಹಳ ಮೊದಲೇ ಗಟ್ಟಿಯಾಗಿರಬಹುದು. ಇನ್ನು ಮಳೆಗಾಲದಲ್ಲಿ ಕೊಂಕಣ ದಾರಿಗೆ ಬೇರೆ ವೇಳಾಪಟ್ಟಿ. ರೈಲು ಹೊರಡುವ ಹೊತ್ತೇ ಬದಲಾದರೆ ಪಟ್ಟಿಯ ಹೊತ್ತೂ ಬದಲಾಗುತ್ತದೆ.

ಮೊಬೈಲ್ ನೋಡಲು ಬಾರದವರು 139ಕ್ಕೆ ಫೋನ್ ಮಾಡಿ, ಟಿಕೆಟಿನ ಮೇಲಿರುವ ಹತ್ತು ಅಂಕಿಯ ಪಿಎನ್‌ಆರ್ ಕೊಟ್ಟು ಕೇಳಬಹುದು.

ಪಟ್ಟಿ ಗಟ್ಟಿಯಾದ ಮೇಲೂ WL ಅಂತಲೇ ಉಳಿದರೆ ಏನು? ಇಲ್ಲಿ ಟಿಕೆಟ್ ಎಲ್ಲಿಂದ ಬಂತು ಅನ್ನುವುದು ಮುಖ್ಯ. ಮೊಬೈಲಿನಲ್ಲಿ ಮಾಡಿದ ಟಿಕೆಟಿನಲ್ಲಿ ಎಲ್ಲರಿಗೂ WL ಉಳಿದಿದ್ದರೆ ಅದು ತಾನಾಗಿ ರದ್ದಾಗುತ್ತದೆ. ಸ್ವಲ್ಪ ಮುರಿದುಕೊಂಡು ಉಳಿದ ದುಡ್ಡು ಕೊಟ್ಟವರ ಖಾತೆಗೆ ಹೋಗುತ್ತದೆ. ಆ ಟಿಕೆಟ್ ಹಿಡಿದು ರೈಲು ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕ. ಕೌಂಟರಿನಲ್ಲಿ ತೆಗೆದ ಕಾಗದದ ಟಿಕೆಟ್ ತಾನಾಗಿ ರದ್ದಾಗುವುದಿಲ್ಲ. ರೈಲು ಹೊರಡುವ ಅರ್ಧ ಗಂಟೆ ಮುಂಚಿನ ತನಕ ಕೌಂಟರಿಗೆ ವಾಪಸ್ ಕೊಟ್ಟರೆ ದುಡ್ಡು ಬರುತ್ತದೆ, ಆಮೇಲೆ ಕೈಬಿಟ್ಟ ಹಾಗೆ. ಅದನ್ನು ಹಿಡಿದು ಹೋಗುವುದಾದರೆ ಜನರಲ್ ಡಬ್ಬಿಯಲ್ಲಿ ನಿಂತು ಹೋಗಬೇಕು, ಸ್ಲೀಪರಿಗೆ ಹತ್ತಿದರೆ ದಂಡ. ಎಪ್ಪತ್ತಾರರ ದೊಡ್ಡಮ್ಮ ಮುಂಬಯಿ ತನಕ ಜನರಲ್ ಡಬ್ಬಿಯಲ್ಲಿ ಹೋಗುವುದು ಉಂಟಾ?

ಅವರ ಅದೃಷ್ಟಕ್ಕೆ ಆ ಪ್ರಶ್ನೆ ಬರಲಿಲ್ಲ. ಹೊರಡುವ ದಿನ ಬೆಳಿಗ್ಗೆ ನೋಡಿದರೆ RAC S5 47. ಪಟ್ಟಿ ಗಟ್ಟಿಯಾಗಿತ್ತು, ಪೂರ್ತಿ ಹಲಗೆ ಬಂದಿರಲಿಲ್ಲ. ದೊಡ್ಡಮ್ಮನೇ ಮಗ್ಗಿ ಹೇಳಿ, "ಬದಿಯದ್ದು, ಇನ್ನೊಬ್ಬರ ಜೊತೆ" ಅಂದರು. ಇಂದ್ರಾಳಿಯಲ್ಲಿ ಹತ್ತಿಸಿ ಬಂದೆ. ಕುಂದಾಪುರದ ತನಕ ಸೀಟು ಪೂರಾ ಅವರದ್ದೇ. ಅಲ್ಲಿ ಅರ್ಧದ ಪಾಲುದಾರರು ಹತ್ತಿದರಂತೆ. ಹಪ್ಪಳದ ಡಬ್ಬ ಹಿಡಿದ ಇನ್ನೊಬ್ಬರು ಅಜ್ಜಿ. ಇಬ್ಬರೂ ಕಾಲು ಮಡಚಿ ಎದುರು ಬದುರು ಕೂತು, ಸೊಸೆಯಂದಿರ ವಿಷಯ ಮಾತಾಡುತ್ತಾ ಕಾರವಾರ ದಾಟಿದರಂತೆ. ಟಿಕೆಟ್ ನೋಡುವವರು ಬಂದಾಗ ನಾನು ಹೇಳಿಕೊಟ್ಟ ಹಾಗೆ, "ಆರ್‌ಎಸಿ ಮೂರು, ಖಾಲಿ ಆದ್ರೆ ಹೇಳಿ ಅಣ್ಣ" ಅಂತ ಕೇಳಿಟ್ಟರಂತೆ.

ರಾತ್ರಿ ಹತ್ತರ ಹೊತ್ತಿಗೆ ನನಗೆ ಫೋನ್ ಬಂತು. ಗಾಳಿಯ ಸದ್ದಿನಲ್ಲಿ ಮಾತು ಅರ್ಧ ಕೇಳಿಸುತ್ತಿತ್ತು.

"ಐವತ್ತೆರಡು ಕೊಟ್ರು ಮಾರಾಯ. ಎಂಟಾರಲಿ ನಲವತ್ತೆಂಟು, ಉಳಿದದ್ದು ನಾಲ್ಕು. ಕೆಳಗಿನದ್ದೇ! ಆ ಅಜ್ಜಿಗೆ ಬದಿಯದ್ದು ಪೂರ್ತಿ ಆಯ್ತು. ಇನ್ನು ಇಡ್ತೇನೆ, ನಡುವಿನ ಹಲಗೆಯವ ಮಲಗ್ಲಿಕ್ಕೆ ಕಾಯ್ತಾ ಇದ್ದಾನೆ."

ನಮಸ್ಕಾರ.