ವಿಕ್ಸ್ ಪ್ಲಾನ್ ಬೇಡ, ಡೊಮೈನ್ ಬೇಕು: ಯಾವ ಬಟನ್ ಮೊದಲು, ಯಾವುದು ಕೊನೆಗೆ?

[ತೆರೆಯ ಮೇಲೆ: ವೀಣೆ ತರಗತಿಯ ಒಂದು ಚಿಕ್ಕ ವೆಬ್‌ಸೈಟ್]

ನಮಸ್ಕಾರ. ಇದು ನಮ್ಮ ಅಕ್ಕನ ಸೈಟು. ಮೈಸೂರಿನಲ್ಲಿ ವೀಣೆ ಹೇಳಿಕೊಡುತ್ತಾಳೆ. ವಿಕ್ಸ್‌ನಲ್ಲಿ ಕಟ್ಟಿದ್ದು, 9 ಪುಟ, 31 ಬ್ಲಾಗ್ ಬರಹ, ಸ್ವಂತ ಹೆಸರಿನ ಒಂದು ಡಾಟ್ ಕಾಮ್ ಡೊಮೈನ್. ಮೊನ್ನೆ ಫೋನ್ ಮಾಡಿದಳು. "ಪ್ಲಾನ್ ರಿನ್ಯೂ ಆಗುತ್ತೆ ಅಂತ ಮೇಲ್ ಬಂದಿದೆ ಕಣೋ. ವರ್ಷಕ್ಕೆ ಇಷ್ಟು ದುಡ್ಡು ಯಾಕೆ ಕೊಡಬೇಕು? ನಿಲ್ಲಿಸಿಬಿಡು. ಆದ್ರೆ ಹೆಸರು ಮಾತ್ರ ಹೋಗಬಾರದು, ವಿಸಿಟಿಂಗ್ ಕಾರ್ಡ್ ಎಲ್ಲ ಪ್ರಿಂಟ್ ಹಾಕಿಸಿದ್ದೀನಿ."

ನ್ಯಾಯವಾದ ಮಾತು. ಆದರೆ ಅವಳು ಒಂದೇ ಅಂದುಕೊಂಡಿದ್ದು ನಿಜವಾಗಿ ಮೂರು. ಸೈಟಿನ ಪ್ಲಾನ್ ಒಂದು, ಡೊಮೈನ್ ಇನ್ನೊಂದು, ಆ ಡೊಮೈನಿನ ಮೇಲಿರುವ ಇಮೇಲ್ ಮತ್ತೊಂದು. ಒಂದೇ ಅಂಗಡಿಯಲ್ಲಿ ಕೊಂಡಿದ್ದರೂ ಮೂರಕ್ಕೂ ಬೇರೆ ಬೇರೆ ಬಿಲ್ಲು, ಬೇರೆ ಬೇರೆ ಕೊನೆ ದಿನ. ಮೊದಲ ವರ್ಷ ಪ್ಲಾನ್ ಜೊತೆ ಡೊಮೈನ್ ಪುಕ್ಕಟೆ ಸಿಕ್ಕಿರುತ್ತದಲ್ಲ, ಅದಕ್ಕೇ ಎರಡೂ ಒಂದೇ ಅಂತ ಅನ್ನಿಸುತ್ತದೆ.

[ತೆರೆಯ ಮೇಲೆ: ಸಬ್‌ಸ್ಕ್ರಿಪ್ಷನ್ ಪಟ್ಟಿ, ಮೂರು ಸಾಲು]

ಇಲ್ಲಿ ನೋಡಿ. ಪ್ಲಾನ್ ನವೆಂಬರ್ 20ಕ್ಕೆ ಮುಗಿಯುತ್ತದೆ. ಡೊಮೈನ್ ಜನವರಿ 14ಕ್ಕೆ. ನಾನು ಪ್ಲಾನ್ ಸಾಲಿನಲ್ಲಿ ಮಾತ್ರ ಆಟೋ ರಿನ್ಯೂ ಆಫ್ ಮಾಡುತ್ತಿದ್ದೇನೆ. ಇದನ್ನು ಇವತ್ತೇ ಮಾಡಿದರೂ ಭಯವಿಲ್ಲ. ದುಡ್ಡು ಕೊಟ್ಟಿರುವ ದಿನದವರೆಗೆ ಸೈಟ್ ಹಾಗೇ ನಡೆಯುತ್ತದೆ. ಆಮೇಲೂ ಅಳಿಸಿ ಹೋಗುವುದಿಲ್ಲ, ಜಾಹೀರಾತು ಸೇರಿಕೊಂಡು wixsite.com ಅನ್ನುವ ಉಚಿತ ವಿಳಾಸಕ್ಕೆ ಇಳಿಯುತ್ತದೆ. ಆದರೆ ಸ್ವಂತ ಡೊಮೈನ್ ಅದನ್ನು ತೋರಿಸುವುದು ನಿಲ್ಲುತ್ತದೆ. ಅಂದರೆ ನಮಗೆ ನವೆಂಬರ್ 20ರ ತನಕ ಸಮಯ ಇದೆ.

ಡೊಮೈನ್ ಸಾಲು ಮುಟ್ಟಬೇಡಿ. ಇದನ್ನು ಜೋರಾಗಿ ಹೇಳಲು ನನಗೊಂದು ಕಾರಣ ಇದೆ. ಕೆಲವು ವರ್ಷದ ಹಿಂದೆ ನನ್ನದೇ ಒಂದು ಸೈಟು ಇತ್ತು, ಬೇರೆ ಒಂದು ಕಡೆ. ಬೇಜಾರಾಗಿ ಒಂದು ರಾತ್ರಿ ಕೂತು ಎಲ್ಲ ಸಾಲುಗಳನ್ನೂ ಆಫ್ ಮಾಡಿದೆ. ಡೊಮೈನ್ ಅವಧಿ ಮುಗಿಯಿತು. ಅವಧಿ ಮುಗಿದದ್ದಕ್ಕೆ ಆ ಡೊಮೈನಿನ ಮೇಲ್ ಕೂಡ ನಿಂತಿತು. ನಾನು ಖಾತೆ ತೆರೆದಿದ್ದು ಅದೇ ಮೇಲ್ ಐಡಿಯಿಂದ! ಪಾಸ್‌ವರ್ಡ್ ಬದಲಿಸುವ ಕೋಡ್ ಬರಬೇಕಾದದ್ದು ಸತ್ತುಹೋದ ಡಬ್ಬಿಗೆ. ಬೀಗದ ಕೈಯನ್ನು ಮನೆಯೊಳಗೆ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಡಾಟ್ ಕಾಮ್ ಹೆಸರು ಹೀಗೆ ಕೈ ಬಿಟ್ಟರೆ, ರಿಜಿಸ್ಟ್ರಾರ್, ಅಂದರೆ ನಮಗೆ ಹೆಸರು ಮಾರಿದ ಕಂಪನಿ, ಅದನ್ನು ಅಳಿಸಿದ ಮೇಲೆ 30 ದಿನ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ. ಆದರೆ ದಂಡ ಹೊಸ ಡೊಮೈನಿನ ಬೆಲೆಯ ಹಲವು ಪಟ್ಟು. ಕೊಟ್ಟೆ, ಏನ್ ಮಾಡೋದು.

ಹಾಗಾಗಿ ಅಕ್ಕನ ಖಾತೆಯಲ್ಲಿ ನಾನು ಮೊದಲು ನೋಡಿದ್ದು ಮೇಲ್ ಐಡಿ. ಡೊಮೈನಿನ ಮೇಲ್ ಇತ್ತು. ಅದನ್ನು ತೆಗೆದು ಅವಳ ಜಿಮೇಲ್ ಹಾಕಿದೆ. ಲಾಗಿನ್‌ನಲ್ಲೂ, ಡೊಮೈನಿನ ಮಾಲೀಕರ ವಿವರದಲ್ಲೂ. ಮಾಲೀಕರ ವಿವರ ಬದಲಿಸಿದರೆ ಒಂದು ದೃಢೀಕರಣದ ಮೇಲ್ ಬರುತ್ತದೆ. ಅದರ ಲಿಂಕನ್ನು 15 ದಿನದೊಳಗೆ ಒತ್ತಿ. ಸುಮ್ನೆ ಬಿಟ್ಟರೆ ಡೊಮೈನನ್ನೇ ತಡೆಹಿಡಿಯಬಹುದು.

[ತೆರೆಯ ಮೇಲೆ: ಬ್ಲಾಗರ್‌ನ ಖಾಲಿ ಡ್ಯಾಶ್‌ಬೋರ್ಡ್]

ಈಗ ಸಾಮಾನು ಸಾಗಿಸುವ ಕೆಲಸ. ವಿಕ್ಸ್ ಸೈಟನ್ನು ಒಂದು ಫೈಲಾಗಿ ಇಳಿಸಿಕೊಂಡು ಬೇರೆ ಕಡೆ ಏರಿಸಲು ಆಗುವುದಿಲ್ಲ. ವಿನ್ಯಾಸ ಅಲ್ಲೇ ಉಳಿಯುತ್ತದೆ, ಬರಹ ಮತ್ತು ಚಿತ್ರ ಮಾತ್ರ ನಮ್ಮದು. ಅಕ್ಕನಿಗೆ ಅಂಗಡಿ ಇಲ್ಲ, ಬುಕಿಂಗ್ ಇಲ್ಲ. ಅದಕ್ಕೆ ಗೂಗಲ್‌ನ ಉಚಿತ ಬ್ಲಾಗರ್ ಸಾಕು ಅಂದೆ. ಸ್ವಂತ ಡೊಮೈನ್ ಹಾಕಲು ಅಲ್ಲಿ ದುಡ್ಡಿಲ್ಲ. ನಿಮ್ಮದು ಆನ್‌ಲೈನ್ ಅಂಗಡಿ ಆಗಿದ್ದರೆ ಬ್ಲಾಗರ್ ಬೇಡ.

31 ಬರಹ ಅಂದರೆ ಎರಡು ಸಂಜೆಯ ಕಾಪಿ ಪೇಸ್ಟ್. ಇಲ್ಲಿ ಒಂದು ಗುಂಡಿ ಇದೆ, ಜನ ಬೀಳುವುದೇ ಇದರಲ್ಲಿ. ಪುಟವನ್ನು ಚಿತ್ರದ ಸಮೇತ ಸೆಲೆಕ್ಟ್ ಮಾಡಿ ಪೇಸ್ಟ್ ಮಾಡಿದರೆ ಚಿತ್ರವೂ ಬಂದ ಹಾಗೆ ಕಾಣುತ್ತದೆ. ಬಂದಿರುವುದಿಲ್ಲ. ಬಂದಿರುವುದು ಹಳೆ ಜಾಗದ ಲಿಂಕ್ ಮಾತ್ರ. ಮುಂದೆ ಒಂದು ದಿನ ಹಳೆ ಸೈಟ್ ಅಳಿಸಿದಾಗ ಹೊಸ ಸೈಟಿನ ಚಿತ್ರವೆಲ್ಲ ಮಾಯ. ಪತ್ತೆ ಮಾಡುವುದು ಸುಲಭ: ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಹೊಸ ಟ್ಯಾಬ್‌ನಲ್ಲಿ ತೆರೆಯಿರಿ. ವಿಳಾಸದಲ್ಲಿ wixstatic ಅಂತ ಇದ್ದರೆ ಚಿತ್ರ ಇನ್ನೂ ಹಳೆ ಮನೆಯಲ್ಲೇ ಇದೆ. googleusercontent ಅಂತ ಇದ್ದರೆ ನಿಮ್ಮ ಹತ್ತಿರ ಬಂದಿದೆ. ಬರಹವನ್ನು Ctrl+Shift+V ಒತ್ತಿ ಪೇಸ್ಟ್ ಮಾಡಿ, ಚಿತ್ರವನ್ನು ಬೇರೆಯಾಗಿ ಇಳಿಸಿ ಅಪ್‌ಲೋಡ್ ಮಾಡಿ.

ಇಳಿಸುವಾಗಲೂ ಒಂದು ಸೂಕ್ಷ್ಮ. ಸೈಟಿನಲ್ಲಿ ಕಾಣುವುದು ಕುಗ್ಗಿಸಿದ ಚಿತ್ರ. ಅದರ ವಿಳಾಸ ಹೀಗಿರುತ್ತದೆ:

```
https://static.wixstatic.com/media/abc123~mv2.jpg/v1/fill/w_480,h_320,q_80/abc123~mv2.jpg
```

ಇದರಲ್ಲಿ /v1 ಇಂದ ಮುಂದಿನದ್ದೆಲ್ಲ ಅಳಿಸಿ ಎಂಟರ್ ಒತ್ತಿ. ಅಕ್ಕ ಮೊದಲು ಏರಿಸಿದ್ದ ದೊಡ್ಡ ಚಿತ್ರ ಸಿಗುತ್ತದೆ. ಅವಳ ಗುರುಗಳ ಜೊತೆಗಿನ ಒಂದು ಫೋಟೋ ಫೋನಿನಲ್ಲೂ ಇರಲಿಲ್ಲ, ಹೀಗೇ ಸಿಕ್ಕಿದ್ದು.

ಇನ್ನೊಂದು, ಇದು ಕನ್ನಡದವರಿಗೇ ಇರುವ ತಾಪತ್ರಯ. ಬ್ಲಾಗರ್ ತಲೆಬರಹ ನೋಡಿ ಪುಟದ ವಿಳಾಸ ಮಾಡುತ್ತದೆ, ಆದರೆ ಕನ್ನಡ ಅಕ್ಷರ ಅದಕ್ಕೆ ಲೆಕ್ಕಕ್ಕಿಲ್ಲ. ಬರಹಕ್ಕೆಲ್ಲ blog-post, ಪುಟಕ್ಕೆಲ್ಲ blog-page ಅಂತ ಹೆಸರಿಡುತ್ತಾ ಹೋಗುತ್ತದೆ. ಬರಹಕ್ಕಾದರೆ ಪಬ್ಲಿಷ್ ಮಾಡುವ ಮೊದಲು ಪರ್ಮಾಲಿಂಕ್‌ನಲ್ಲಿ ನಾವೇ ಇಂಗ್ಲಿಷ್ ಅಕ್ಷರದ ವಿಳಾಸ ಬರೆಯಬಹುದು. ಪುಟಕ್ಕೆ ಆ ಸೌಲಭ್ಯ ಇಲ್ಲ. ಅದಕ್ಕೊಂದು ಉಪಾಯ: ಮೊದಲು fees ಅಂತ ತಲೆಬರಹ ಕೊಟ್ಟು ಪಬ್ಲಿಷ್ ಮಾಡಿ, ಆಮೇಲೆ ಅದನ್ನು "ಶುಲ್ಕದ ವಿವರ" ಅಂತ ತಿದ್ದಿ. ವಿಳಾಸ /p/fees.html ಅಂತಲೇ ಉಳಿಯುತ್ತದೆ.

ಹಳೆಯ ವಿಳಾಸ /fees ಇತ್ತಲ್ಲ, ಅದನ್ನು ಯಾರೋ ವಾಟ್ಸಾಪ್‌ನಲ್ಲಿ ಹಂಚಿರುತ್ತಾರೆ. ಬ್ಲಾಗರ್ ಸೆಟ್ಟಿಂಗ್ಸ್‌ನಲ್ಲಿ ಕಸ್ಟಮ್ ರೀಡೈರೆಕ್ಟ್ ಇದೆ. ಅಲ್ಲಿ /fees ಕೇಳಿದವರನ್ನು /p/fees.html ಗೆ ಕಳಿಸಿ ಅಂತ ಹಾಕಿದೆ. 9 ಪುಟಕ್ಕೆ ಪೂರ್ತಿ ಮಾಡಿದೆ. ಬರಹಗಳಲ್ಲಿ ಜನ ಜಾಸ್ತಿ ಓದುವ ಆರಕ್ಕೆ ಮಾತ್ರ. ಉಳಿದದ್ದಕ್ಕೆ ಸೋಮಾರಿತನ, ಒಪ್ಪಿಕೊಳ್ಳುತ್ತೇನೆ.

[ತೆರೆಯ ಮೇಲೆ: ಡಿಎನ್‌ಎಸ್ ರೆಕಾರ್ಡ್‌ಗಳ ಪುಟ]

ಈಗ ಡೊಮೈನನ್ನು ಹೊಸ ಮನೆಗೆ ತಿರುಗಿಸಬೇಕು. ಗಮನಿಸಿ, ಡೊಮೈನ್ ಇನ್ನೂ ವಿಕ್ಸ್‌ನಲ್ಲೇ ಇದೆ, ಬದಲಾಗುವುದು ಅದು ಕೈ ತೋರಿಸುವ ದಿಕ್ಕು. ಆ ದಿಕ್ಕು ಬರೆದಿರುವುದು ಈ ಡಿಎನ್‌ಎಸ್ ಪಟ್ಟಿಯಲ್ಲಿ. ಏನನ್ನೂ ಮುಟ್ಟುವ ಮೊದಲು ಈ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ಕೆಳಗಿನ ತನಕ. ಬ್ಲಾಗರ್‌ನಲ್ಲಿ ಕಸ್ಟಮ್ ಡೊಮೈನ್ ಜಾಗದಲ್ಲಿ www ಸಮೇತ ಹೆಸರು ಹಾಕಿದಾಗ ಅದು ಒಂದು ಎರರ್ ತೋರಿಸುತ್ತದೆ. ಗಾಬರಿ ಬೇಡ, ಆ ಎರರ್‌ನಲ್ಲೇ ಎರಡು CNAME ಸಾಲು, ಅಂದರೆ ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತಿರುಗಿಸುವ ಸಾಲು, ಕೊಟ್ಟಿರುತ್ತದೆ. ಒಂದು ಎಲ್ಲರಿಗೂ ಒಂದೇ, ಇನ್ನೊಂದು ನಿಮ್ಮ ಸೈಟಿಗೇ ಮೀಸಲು. ಅಕ್ಕನ ಹೆಸರಿನ ಬದಲು example.com ಅಂತ ಇಟ್ಟುಕೊಂಡರೆ, ಹಾಕಬೇಕಾದದ್ದು ಇಷ್ಟು:

```
CNAME  www   ghs.google.com
A      @     216.239.32.21
A      @     216.239.34.21
A      @     216.239.36.21
A      @     216.239.38.21
```

ಜೊತೆಗೆ ಆ ಎರಡನೇ CNAME, ಅದನ್ನು ಎರರ್‌ನಿಂದಲೇ ಕಾಪಿ ಮಾಡಿ. A ಸಾಲು ಹೆಸರನ್ನು ಅಂಕಿಯ ವಿಳಾಸಕ್ಕೆ ಕಳಿಸುತ್ತದೆ, @ ಅಂದರೆ www ಇಲ್ಲದ ಬರಿ ಹೆಸರು. ಹಳೆಯ A ಸಾಲುಗಳನ್ನೂ www ಗೆ ಇದ್ದ ಹಳೆಯ CNAME ಸಾಲನ್ನೂ ತೆಗೆಯಿರಿ. ಹೋಸ್ಟ್ ಜಾಗದಲ್ಲಿ www ಅಷ್ಟೇ ಬರೆಯಿರಿ. ಪೂರ್ತಿ ಹೆಸರು ಬರೆದರೆ ಕೆಲವು ಕಡೆ ಅದು www.example.com.example.com ಆಗಿ ಕೂರುತ್ತದೆ, ಆಮೇಲೆ ಯಾಕೆ ತೆರೆಯುತ್ತಿಲ್ಲ ಅಂತ ತಲೆ ಕೆರೆದುಕೊಳ್ಳಬೇಕು.

MX ಅಂತ ಇರುವ ಸಾಲುಗಳ ಹತ್ತಿರ ಹೋಗಲೇಬೇಡಿ. ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವುದು ಅವೇ. ಸೈಟ್ ಕೆಟ್ಟರೆ ಯಾರಾದರೂ ಫೋನ್ ಮಾಡಿ ಹೇಳುತ್ತಾರೆ. ಮೇಲ್ ಕೆಟ್ಟರೆ ಬರಬೇಕಾದ ಮೇಲ್ ಬರಲಿಲ್ಲ ಅನ್ನುವುದೇ ನಿಮಗೆ ಗೊತ್ತಾಗುವುದಿಲ್ಲ.

ಒಂದು ಗಂಟೆ ಬಿಟ್ಟು ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಕೇಳಿ:

```
nslookup www.example.com
nslookup -type=mx example.com
```

ಮೊದಲನೆಯದಕ್ಕೆ ಗೂಗಲ್‌ನ ghs ಹೆಸರು ಬರಬೇಕು. ಎರಡನೆಯದಕ್ಕೆ ಸ್ಕ್ರೀನ್‌ಶಾಟ್‌ನಲ್ಲಿದ್ದ ಅದೇ MX ಬರಬೇಕು. ಆಮೇಲೆ ಬ್ಲಾಗರ್‌ನಲ್ಲಿ ಎಚ್‌ಟಿಟಿಪಿಎಸ್ ಆನ್ ಮಾಡಿ. ಅದು ಸಿದ್ಧವಾಗುವ ತನಕ ಬ್ರೌಸರ್ ಎಚ್ಚರಿಕೆ ತೋರಿಸಬಹುದು. ಅಕ್ಕ ಅಷ್ಟರಲ್ಲೇ ಫೋನ್ ಮಾಡಿದಳು, "ಸುರಕ್ಷಿತ ಅಲ್ಲ ಅಂತಿದೆ ಕಣೋ, ವೈರಸ್ ಏನಾದ್ರೂ ಬಂತಾ?" ಕೆಲವು ಗಂಟೆ ಕಾದರೆ ಸರಿಹೋಗುತ್ತದೆ.

[ತೆರೆಯ ಮೇಲೆ: ಡೊಮೈನ್ ಟ್ರಾನ್ಸ್‌ಫರ್ ಪುಟ]

ಇಲ್ಲಿಗೆ ನಿಲ್ಲಿಸಿದರೂ ನಡೆಯುತ್ತದೆ. ಪ್ಲಾನ್ ಇಲ್ಲದೆ ಡೊಮೈನ್ ಮಾತ್ರ ಅಲ್ಲೇ ಇಟ್ಟುಕೊಂಡು ಅದರ ರಿನ್ಯೂ ದುಡ್ಡಷ್ಟೇ ಕಟ್ಟಬಹುದು. ಬೇರೆ ಕಡೆ ಕಡಿಮೆ ಬೆಲೆ ಇದೆ ಅಂತಾದರೆ ಟ್ರಾನ್ಸ್‌ಫರ್ ಮಾಡಿ, ಆದರೆ ಇದೇ ವಾರ ಬೇಡ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಯಾವುದು ಕೆಟ್ಟಿತು ಅಂತ ಹುಡುಕಲು ಆಗುವುದಿಲ್ಲ. ಕೊನೆ ದಿನದ ಹತ್ತಿರವೂ ಬೇಡ. ಡಾಟ್ ಕಾಮ್ ಡೊಮೈನ್ ಕೊಂಡು 60 ದಿನ ಆಗಿರಬೇಕು. Transfer away from Wix ಅಂತ ಇರುವಲ್ಲಿ ಒತ್ತಿದರೆ ಒಂದು ಕೋಡ್ ಮೇಲ್‌ಗೆ ಬರುತ್ತದೆ. ಅದನ್ನು ಹೊಸ ರಿಜಿಸ್ಟ್ರಾರ್ ಹತ್ತಿರ ಕೊಟ್ಟು ಒಂದು ವರ್ಷದ ದುಡ್ಡು ಕಟ್ಟಬೇಕು. ಆ ದುಡ್ಡು ದಂಡ ಅಲ್ಲ, ಉಳಿದಿರುವ ಅವಧಿಯ ಮೇಲೆ ಒಂದು ವರ್ಷ ಸೇರುತ್ತದೆ. ಸಾಮಾನ್ಯವಾಗಿ 5ರಿಂದ 7 ದಿನ ಹಿಡಿಯುತ್ತದೆ.

ಟ್ರಾನ್ಸ್‌ಫರ್ ಆದ ಮೇಲೆ ಹಳೆ ಕಡೆಯ ಡಿಎನ್‌ಎಸ್ ಪಟ್ಟಿ ಜೊತೆಯಲ್ಲಿ ಬರುವುದಿಲ್ಲ. ಆ ಸ್ಕ್ರೀನ್‌ಶಾಟ್ ಈಗ ಬೇಕಾಗುವುದು. ಬದಲಿಸಿದ ಮೇಲಿನದ್ದನ್ನೂ ಒಂದು ತೆಗೆದಿಟ್ಟಿರಿ. A, CNAME, MX ಎಲ್ಲವನ್ನೂ ಹೊಸ ಕಡೆ ಸಾಲು ಸಾಲಾಗಿ ಬರೆದು, ಆ ಎರಡು nslookup ಮತ್ತೆ ಓಡಿಸಿ, ಬೇರೆ ಐಡಿಯಿಂದ ಒಂದು ಮೇಲ್ ಕಳಿಸಿ ನೋಡಿ. ಮೇಲ್ ಡಬ್ಬಿಯನ್ನೂ ವಿಕ್ಸ್ ಮೂಲಕವೇ ಕೊಂಡಿದ್ದರೆ ಅದರ ಸಾಲನ್ನು ಆಫ್ ಮಾಡಬೇಡಿ, ಡೊಮೈನ್ ಹೋದರೂ ಅದರ ಬಿಲ್ಲು ಅಲ್ಲೇ ನಡೆಯುತ್ತಿರುತ್ತದೆ.

ಕಾರ್ಡ್ ಬ್ಲಾಕ್ ಮಾಡಿದರೆ ಎಲ್ಲ ತಾನಾಗೇ ನಿಲ್ಲುತ್ತೆ ಅಲ್ವಾ ಅಂತ ಅಕ್ಕ ಕೇಳಿದಳು. ನಿಲ್ಲುತ್ತೆ, ಡೊಮೈನೂ ನಿಲ್ಲುತ್ತೆ! ಬ್ಲಾಕ್ ಮಾಡದೇ ಇದ್ದರೂ ಡೊಮೈನಿನ ಆಟೋ ರಿನ್ಯೂ ಪೂರ್ತಿ ನಂಬಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ನಮ್ಮ ಕಾರ್ಡುಗಳಲ್ಲಿ ಇಂಥ ಪಾವತಿಗೆ ಮೊದಲೇ ಅನುಮತಿ ದಾಖಲಾಗಿರಬೇಕು. ಹೊರದೇಶದ ಕಂಪನಿಗೆ ಹೋಗುವ ದುಡ್ಡು ಅದಿಲ್ಲದೆ ವಾಪಸ್ ಬಂದುಬಿಡುತ್ತದೆ. ಅದಕ್ಕೇ ಅಕ್ಕನ ಅಡುಗೆಮನೆ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆದಿಡುವ ಜಾಗದ ಪಕ್ಕದಲ್ಲೇ, ಡಿಸೆಂಬರ್ 14ಕ್ಕೆ ಕೆಂಪು ಪೆನ್ನಿನಲ್ಲಿ ಬರೆದು ಬಂದಿದ್ದೇನೆ: "ಡೊಮೈನ್ ದುಡ್ಡು, ಕೈಯಾರೆ ಕಟ್ಟು."