ಕೊಟ್ಟ ಮಾತು, ಕೆಟ್ಟ ತೀರ್ಮಾನ

ನಮಸ್ಕಾರ, ಕೇಳುಗರೇ. ಆಡಳಿತ ಕಾನೂನು ಓದುತ್ತಿರುವ ವಿದ್ಯಾರ್ಥಿಗಳಿಗಾಗಿ ಇವತ್ತಿನ ಮಾತು. ಒಂದು ಪ್ರಾಧಿಕಾರ ತೆಗೆದುಕೊಂಡ ತೀರ್ಮಾನವನ್ನು ರದ್ದು ಮಾಡಿ ಎಂದು ಕೋರ್ಟಿಗೆ ಹೋದವರು, ಯಾವ ಆಧಾರದ ಮೇಲೆ ಕೇಳುತ್ತಿದ್ದೇವೆ ಎಂದು ಹೇಳಬೇಕಾಗುತ್ತದೆ. ಅವಿವೇಕ ಒಂದು ಆಧಾರ. ನ್ಯಾಯಸಮ್ಮತ ನಿರೀಕ್ಷೆ, ಅಂದರೆ ಕಾಲೇಜಿನಲ್ಲಿ ನಾವೆಲ್ಲ ಲೆಜಿಟಿಮೇಟ್ ಎಕ್ಸ್‌ಪೆಕ್ಟೇಶನ್ ಎಂದೇ ಕರೆಯುವುದು, ಇನ್ನೊಂದು. ಪ್ರಶ್ನೆಪತ್ರಿಕೆಯಲ್ಲಿ ಇವು ಬೇರೆ ಬೇರೆ ಪ್ರಶ್ನೆಗಳು. ಆದರೆ ಕೇಸುಗಳಲ್ಲಿ ಇವೆರಡೂ ಒಟ್ಟಿಗೇ ಬರುತ್ತವೆ. ಒಂದು ಸೋತ ಕಡೆ ಇನ್ನೊಂದು ಗೆಲ್ಲಬಹುದು. ಅದು ಹೇಗೆ ಎಂದು ನೋಡೋಣ.

ಮೊದಲು ಅವಿವೇಕ. ಇಂಗ್ಲೆಂಡಿನ ವೆಡ್ನೆಸ್‌ಬರಿ ಎಂಬ ಊರಿನ ಸ್ಥಳೀಯ ಸಂಸ್ಥೆ, ಸಿನಿಮಾ ಮಂದಿರಕ್ಕೆ ಭಾನುವಾರ ಪ್ರದರ್ಶನ ನಡೆಸಲು ಅನುಮತಿ ಕೊಟ್ಟಿತು. ಜೊತೆಗೆ ಒಂದು ಷರತ್ತು ಹಾಕಿತು. 15 ವರ್ಷದೊಳಗಿನ ಮಕ್ಕಳನ್ನು ಒಳಗೆ ಬಿಡಕೂಡದು, ದೊಡ್ಡವರು ಜೊತೆಗಿದ್ದರೂ ಬಿಡಕೂಡದು. ಇದು ಅತಿಯಾಯಿತು ಎಂದು ಕಂಪನಿ ಕೋರ್ಟಿಗೆ ಹೋಯಿತು. 1947ರಲ್ಲಿ ತೀರ್ಪು ಬಂತು, ಕಂಪನಿ ಸೋತಿತು. ಲಾರ್ಡ್ ಗ್ರೀನ್ ಹೇಳಿದ್ದರ ತಿರುಳು ಇಷ್ಟು: ವಿವೇಕವಿರುವ ಯಾವ ಪ್ರಾಧಿಕಾರವೂ ಇಂಥ ತೀರ್ಮಾನಕ್ಕೆ ಬರಲು ಸಾಧ್ಯವೇ ಇಲ್ಲ ಅನ್ನುವಷ್ಟು ಕೆಟ್ಟದ್ದಾಗಿದ್ದರೆ ಮಾತ್ರ ಕೋರ್ಟು ಕೈ ಹಾಕುತ್ತದೆ. ಕೂದಲು ಕೆಂಪಗಿದೆ ಅಂತ ಶಿಕ್ಷಕಿಯನ್ನು ಕೆಲಸದಿಂದ ತೆಗೆಯುವ ಉದಾಹರಣೆ ಹಳೆಯ ತೀರ್ಪೊಂದರದ್ದು. ಲಾರ್ಡ್ ಗ್ರೀನ್ ಅದನ್ನೇ ಇಲ್ಲಿ ನೆನಪಿಸಿದರು.

ಗಮನಿಸಿ, ಆ ಷರತ್ತು ಒಳ್ಳೆಯದೋ ಅಲ್ಲವೋ ಎಂದು ನ್ಯಾಯಾಧೀಶರು ಕೇಳಿಕೊಳ್ಳಲೇ ಇಲ್ಲ. ನಾನಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ ಅನ್ನುವುದು ಕಾರಣವಾಗುವುದಿಲ್ಲ. ಮೆಟ್ಟಿಲು ಅಷ್ಟು ಎತ್ತರ. ಅದಕ್ಕೇ ಈ ವಾದ ಎತ್ತುವವರು ಜಾಸ್ತಿ, ಇದೊಂದರಿಂದಲೇ ಗೆಲ್ಲುವವರು ಕಡಿಮೆ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಪ್ರಕರಣಕ್ಕೆ ಬರುತ್ತೇನೆ. ಅದು ಕಾಗ್ಲನ್ ಪ್ರಕರಣ, ಊರು ಇಂಗ್ಲೆಂಡಿನ ಎಕ್ಸೆಟರ್. ಅರ್ಜಿದಾರರಾದ ಮಹಿಳೆ 1971ರಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕಿ ತೀವ್ರ ಅಂಗವೈಕಲ್ಯಕ್ಕೆ ಒಳಗಾದವರು. ಸರ್ಕಾರಿ ಆರೋಗ್ಯ ಸೇವೆಯ ಒಂದು ಆಸ್ಪತ್ರೆಯಲ್ಲೇ ಅವರ ವಾಸ. 1993ರಲ್ಲಿ ಅವರನ್ನೂ ಇನ್ನು ಕೆಲವರನ್ನೂ ಮಾರ್ಡನ್ ಹೌಸ್ ಎಂಬ ಹೊಸ ಕಟ್ಟಡಕ್ಕೆ ಕರೆತಂದರು. ಇವರಿಗಾಗಿಯೇ ಕಟ್ಟಿದ ಮನೆ ಅದು. ನಿಮಗೆ ಬೇಕಾದಷ್ಟು ಕಾಲ, ಬದುಕಿರುವವರೆಗೂ ಇಲ್ಲೇ ಇರಬಹುದು ಎಂದು ಆರೋಗ್ಯ ಪ್ರಾಧಿಕಾರ ಸ್ಪಷ್ಟವಾಗಿ ಮಾತು ಕೊಟ್ಟಿತ್ತು. ಆ ಮಾತು ನಂಬಿಯೇ ಅವರು ಹಳೆಯ ಜಾಗ ಬಿಟ್ಟದ್ದು.

ಐದು ವರ್ಷ ಕಳೆಯಿತು. ಖರ್ಚು ವಿಪರೀತವಾಗುತ್ತಿದೆ, ಮಾರ್ಡನ್ ಹೌಸ್ ಮುಚ್ಚುತ್ತೇವೆ ಎಂದು 1998ರಲ್ಲಿ ಪ್ರಾಧಿಕಾರ ನಿರ್ಧರಿಸಿತು. ಮುಚ್ಚುವ ಮೊದಲು ಅಭಿಪ್ರಾಯವನ್ನೂ ಕೇಳಿತ್ತು. ಕೊಟ್ಟ ಮಾತು ತನಗೆ ನೆನಪಿದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ ಎಂದೂ ಹೇಳಿತು. ಈಗ ವೆಡ್ನೆಸ್‌ಬರಿ ಅಳತೆ ಹಿಡಿದು ನೋಡಿ. ಹಣದ ಕೊರತೆ ಇರುವ ಪ್ರಾಧಿಕಾರ ದುಬಾರಿ ಕಟ್ಟಡವನ್ನು ಮುಚ್ಚುವುದು ಹುಚ್ಚುತನವಾ? ಅಲ್ಲ. ವಿವೇಕವಿರುವ ಪ್ರಾಧಿಕಾರವೂ ಹಾಗೆ ಮಾಡಬಹುದು. ಪ್ರಾಧಿಕಾರದ ಪರ ವಕೀಲರ ವಾದವೂ ಇದೇ: ನಮ್ಮದು ಅವಿವೇಕದ ತೀರ್ಮಾನವಲ್ಲ ಅಂದ ಮೇಲೆ ಕೋರ್ಟಿಗೆ ಇಲ್ಲಿ ಏನೂ ಕೆಲಸವಿಲ್ಲ.

1999ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಪ್ರಾಧಿಕಾರ ಕೊಟ್ಟ ಭರವಸೆಗಳು ಮೂರು ಬಗೆಯ ಪರಿಣಾಮ ಉಂಟುಮಾಡಬಹುದು ಎಂದಿತು. ಕೆಲವು ಕಡೆ, ಹಿಂದಿನ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಸ ತೀರ್ಮಾನ ಮಾಡಿದರೆ ಸಾಕು, ಅಲ್ಲಿ ಹಳೆಯ ವೆಡ್ನೆಸ್‌ಬರಿ ಅಳತೆಯೇ. ಕೆಲವು ಕಡೆ, ನಿಮ್ಮನ್ನು ಕೇಳಿಯೇ ಮುಂದುವರಿಯುತ್ತೇವೆ ಎಂಬ ಭರವಸೆ ಇರುತ್ತದೆ. ಅಲ್ಲಿ ಕೇಳಿದರೋ ಇಲ್ಲವೋ ಎಂದು ಕೋರ್ಟೇ ನೋಡುತ್ತದೆ. ಮೂರನೆಯದು ಈ ಪ್ರಕರಣದ ಬಗೆ. ಇಲ್ಲಿ ಭರವಸೆ ಕೊಟ್ಟದ್ದು ವಿಧಾನದ ಬಗ್ಗೆ ಅಲ್ಲ, ಮನೆಯ ಬಗ್ಗೆಯೇ. ಅದನ್ನು ಮುರಿಯುವುದು ಅಧಿಕಾರದ ದುರುಪಯೋಗ ಆಗುವಷ್ಟು ಅನ್ಯಾಯವೇ? ಅದನ್ನು ಮೀರಿಸುವಷ್ಟು ದೊಡ್ಡ ಸಾರ್ವಜನಿಕ ಹಿತ ಎದುರಿಗಿದೆಯೇ? ಈ ತಕ್ಕಡಿಯನ್ನು ಪ್ರಾಧಿಕಾರದ ಕೈಗೆ ಬಿಡುವುದಿಲ್ಲ, ನಾವೇ ಹಿಡಿಯುತ್ತೇವೆ ಎಂದರು ನ್ಯಾಯಾಧೀಶರು.

ತೂಗಿದಾಗ ಏನು ಕಂಡಿತು? ಮಾತು ಸ್ಪಷ್ಟವಾಗಿತ್ತು. ಇಡೀ ಜಿಲ್ಲೆಗೆ ಹೇಳಿದ್ದಲ್ಲ, ಬೆರಳೆಣಿಕೆಯ ಜನಕ್ಕೆ ಹೇಳಿದ್ದು. ಪಾಲಿಸಿದರೆ ಪ್ರಾಧಿಕಾರಕ್ಕೆ ಆಗುವುದು ಹಣದ ಹೊರೆ ಮಾತ್ರ. ಮುರಿದರೆ ಆ ಮಹಿಳೆ ಕಳೆದುಕೊಳ್ಳುವುದು ಮನೆಯನ್ನು. ಬದಲಿ ಮನೆ ಇಂಥದ್ದು ಎಂಬ ಖಾತರಿಯೂ ಇರಲಿಲ್ಲ. ಮುಚ್ಚುವ ತೀರ್ಮಾನ ಉಳಿಯಲಿಲ್ಲ. ಸ್ವಾರಸ್ಯ ಏನೆಂದರೆ, ಅಭಿಪ್ರಾಯ ಕೇಳಿದ ವಿಧಾನದಲ್ಲಿ ಕೊರತೆಗಳಿದ್ದರೂ ಅದರಿಂದಲೇ ತೀರ್ಮಾನ ಬೀಳುವುದಿಲ್ಲ ಎಂದಿತು ಕೋರ್ಟು. ಬೀಳಿಸಿದ್ದು ಆ ಮಾತು.

ಇದನ್ನು ಓದಿದ ಕೂಡಲೇ ಸರ್ಕಾರ ಹೇಳಿದ್ದೆಲ್ಲ ಭರವಸೆ ಎಂದು ಬರೆಯುವ ವಿದ್ಯಾರ್ಥಿಗಳಿದ್ದಾರೆ. ಅಲ್ಲ. ಲಕ್ಷಾಂತರ ಜನರನ್ನು ತಟ್ಟುವ ತೆರಿಗೆ ಅಥವಾ ಆರ್ಥಿಕ ನೀತಿಯನ್ನು ಸರ್ಕಾರ ಬದಲಿಸಿದಾಗ, ಮೂರನೆಯ ಬಗೆಗೆ ಸೇರಿಸುವುದು ಬಹಳ ಕಷ್ಟ. ಚುನಾವಣಾ ಭಾಷಣವಂತೂ ಲೆಕ್ಕಕ್ಕೇ ಬರುವುದಿಲ್ಲ. ಯಾರು ಹೇಳಿದರು, ಯಾರಿಗೆ ಹೇಳಿದರು, ಎಷ್ಟು ಖಚಿತವಾಗಿ ಹೇಳಿದರು ಎಂಬುದನ್ನು ಮೊದಲು ಬರೆಯಿರಿ.

ನಮ್ಮ ದೇಶದಲ್ಲಿ? ಅದೇ 1999ರಲ್ಲಿ, ಪಂಜಾಬ್ ಕಮ್ಯುನಿಕೇಷನ್ಸ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಇನ್ನೊಂದು ದಾರಿ ಹಿಡಿದಿತ್ತು. ನೀತಿ ಬದಲಾವಣೆಯಿಂದ ನಿರೀಕ್ಷೆ ಮುರಿದರೆ, ಆ ಬದಲಾವಣೆ ವೆಡ್ನೆಸ್‌ಬರಿ ಅರ್ಥದಲ್ಲಿ ಅವಿವೇಕವೇ ಎಂದಷ್ಟೇ ನೋಡಬೇಕು ಎಂದಿತ್ತು. ಅಂದರೆ ಎರಡನೇ ಆಧಾರವನ್ನೂ ಮೊದಲನೆಯದರ ಅಳತೆಯಲ್ಲೇ ಅಳೆದ ಹಾಗಾಯಿತು, ಅಲ್ವಾ? ನನಗೆ ಇದು ಬಿಗಿ ಅನ್ನಿಸುತ್ತದೆ.

2023ರಲ್ಲಿ ಕೇರಳದ ಶಿವಾನಂದನ್ ಪ್ರಕರಣ ಐವರ ಪೀಠದ ಮುಂದೆ ಬಂತು. ಜಿಲ್ಲಾ ನ್ಯಾಯಾಧೀಶರ ನೇಮಕಾತಿ. ಲಿಖಿತ ಪರೀಕ್ಷೆ ಮತ್ತು ಸಂದರ್ಶನದ ಒಟ್ಟು ಅಂಕದ ಮೇಲೆ ಆಯ್ಕೆ, ಸಂದರ್ಶನಕ್ಕೆ ಪ್ರತ್ಯೇಕ ಕನಿಷ್ಠ ಅಂಕ ಇಲ್ಲ ಎಂದು ಮೊದಲೇ ತಿಳಿಸಿದ್ದರು. ಸಂದರ್ಶನಗಳೆಲ್ಲ ಮುಗಿದ ಮೇಲೆ, 2017ರಲ್ಲಿ, ಹೈಕೋರ್ಟ್ ಕನಿಷ್ಠ ಅಂಕ ನಿಗದಿ ಮಾಡಿತು. ಒಟ್ಟಾರೆ ಜಾಸ್ತಿ ಅಂಕ ಪಡೆದ ಕೆಲವರು ಪಟ್ಟಿಯಿಂದ ಹೊರಗಾದರು. ಜಿಲ್ಲಾ ನ್ಯಾಯಾಧೀಶರಾಗುವವರಿಗೆ ಸಂದರ್ಶನದಲ್ಲೂ ಒಂದು ಮಟ್ಟ ಬೇಕು ಎಂಬ ಯೋಚನೆ ತಾನಾಗಿ ಅವಿವೇಕವೇನಲ್ಲ. ಮುಂದಿನ ನೇಮಕಾತಿಗೆ ತರಬಹುದಿತ್ತು. ಆಟ ಮುಗಿದ ಮೇಲೆ ತಂದದ್ದೇ ತಪ್ಪಾಯಿತು. ಪೀಠ ಇದನ್ನು ಸ್ಪಷ್ಟ ನಿರಂಕುಶತೆ ಎಂದೂ, ನ್ಯಾಯಸಮ್ಮತ ನಿರೀಕ್ಷೆಯ ಭಂಗ ಎಂದೂ ಕರೆಯಿತು. ನಿರೀಕ್ಷೆ ಮುರಿಯುವ ಪ್ರಾಧಿಕಾರ, ಸಾರ್ವಜನಿಕ ಹಿತಕ್ಕಾಗಿಯೇ ಹಾಗೆ ಮಾಡಿದೆ ಎಂದು ಸಂಬಂಧಪಟ್ಟ ದಾಖಲೆಗಳನ್ನು ಕೋರ್ಟಿನ ಮುಂದಿಟ್ಟು ತೋರಿಸಬೇಕು ಎಂದೂ ಹೇಳಿತು. ಸುಮ್ನೆ ಹಿತ ಹಿತ ಎಂದರೆ ಸಾಲದು. 14ನೇ ವಿಧಿಯ ಜೊತೆ ಈ ಆಧಾರವನ್ನು ಬೆಸೆದದ್ದೂ ಇಲ್ಲೇ ಚೆನ್ನಾಗಿ ಕಾಣುತ್ತದೆ.

ಆದರೆ ಅಷ್ಟರಲ್ಲಿ ಆರು ವರ್ಷ ಕಳೆದಿತ್ತು. ಆಯ್ಕೆಯಾದವರು ಆಗಲೇ ನ್ಯಾಯಾಧೀಶರಾಗಿ ಕೆಲಸ ಮಾಡುತ್ತಿದ್ದರು. ಅವರನ್ನು ಕೆಳಗಿಳಿಸುವುದು ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದ ಪೀಠ, ಅರ್ಜಿದಾರರನ್ನು ಹುದ್ದೆಗೆ ತರಲು ಒಪ್ಪಲಿಲ್ಲ. ಕಾನೂನಿನ ಪ್ರಶ್ನೆಯಲ್ಲಿ ಗೆದ್ದವರು, ಕೇಳಿದ ಕುರ್ಚಿ ಸಿಗದೆ ಹೊರಗೆ ಬಂದರು. ಈ ತೀರ್ಪಿನ ಬಗ್ಗೆ ಉತ್ತರ ಬರೆಯುವಾಗ ಪರಿಹಾರದ ಭಾಗವನ್ನು ಬಿಡಬೇಡಿ. ನಮಸ್ಕಾರ.